ಪದ ಪರಿಚಯ: ಸ್ಕಿಲ್ ಮಿಕ್ಸ್

"ಮೂರು ಜನ ಇದ್ದಾರಲ್ಲ, ಸ್ಕಿಲ್ ಮಿಕ್ಸ್ ಸರಿಯಾಗೇ ಇದೆ." ಪಾಳಿಪಟ್ಟಿ ಹಿಡಿದುಕೊಂಡು ಹೀಗೆ ಹೇಳುವವರನ್ನು ಈ ತಿಂಗಳು ಮತ್ತೆ ಕಂಡೆ. ಮೂರು ಎನ್ನುವುದು ತಲೆ ಎಣಿಕೆ. ಆ ಮೂರರಲ್ಲಿ ಯಾರ್ಯಾರಿದ್ದಾರೆ ಎನ್ನುವುದು ಸ್ಕಿಲ್ ಮಿಕ್ಸ್. ಒಬ್ಬ ಸೀನಿಯರ್, ಒಬ್ಬ ಟ್ರೇನಿ, ಬೀಗದ ಕೈ ಇರುವ ಒಬ್ಬರು ಪ್ರತಿ ಪಾಳಿಯಲ್ಲೂ ಇರಬೇಕು ಎಂದರೆ, ಅದನ್ನು ಪಾಳಿ ಪಾಳಿಗೂ ಬೇರೆಯಾಗಿಯೇ ನೋಡಬೇಕು. ವಾರದ ಒಟ್ಟು ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಈ ಗೊಂದಲಕ್ಕೆ ನಮ್ಮ ಪದವೂ ಸ್ವಲ್ಪ ಕಾರಣ ಅಂತ ನನಗೆ ಅನಿಸುತ್ತದೆ. 'ಪಾಳಿ' ಎಂದರೆ ಮೂಲದಲ್ಲಿ ಸಾಲು. ಸಾಲಿನಿಂದ ಸರದಿ, ಸರದಿಯಿಂದ ಕೆಲಸದ ಪಾಳಿ. ಹಾಗಾಗಿ ಪಟ್ಟಿ ಸಿಕ್ಕ ಕೂಡಲೇ ನಾವು ಸಾಲು ಹಿಡಿದು ಓದುತ್ತೇವೆ: ಇವನಿಗೆ ವಾರದ ರಜೆ ಸಿಕ್ಕಿತೇ, ಅವಳಿಗೆ ಸಂಜೆ ಪಾಳಿ ಜಾಸ್ತಿಯಾಯಿತೇ? ಅದು ನ್ಯಾಯದ ಪ್ರಶ್ನೆ, ಕೇಳಲೇಬೇಕು. ಆದರೆ ಮಿಶ್ರಣ ಕಾಣುವುದು ಕಂಬಸಾಲಿನಲ್ಲಿ, ಮೇಲಿನಿಂದ ಕೆಳಗೆ ಓದಿದಾಗ ಮಾತ್ರ. ಇಂಗ್ಲಿಷಿನ 'ರೋಸ್ಟರ್' ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಡಚ್ ಭಾಷೆಯಲ್ಲಿ ಅದು ಕೆಂಡದ ಮೇಲಿಟ್ಟು ಮಾಂಸ ಸುಡುವ ಕಬ್ಬಿಣದ ಜಾಲರಿ. ಗೆರೆ ಎಳೆದ ಕಾಗದ ಹಾಗೆ ಕಂಡಿದ್ದರಿಂದ ಪಟ್ಟಿಗೂ ಅದೇ ಹೆಸರು ಬಂತು, ಅಲ್ಲಿಂದ ಇಂಗ್ಲಿಷ್ ಸೈನ್ಯಕ್ಕೆ ಹೋಯಿತು. ಜಾಲರಿಗೆ ಅಡ್ಡ ಕಂಬಿಯೂ ಬೇಕು, ಉದ್ದ ಕಂಬಿಯೂ ಬೇಕು.

ನಾನು ಪಾಳಿಪಟ್ಟಿ ಬರೆಯುತ್ತಿದ್ದ ಒಂದು ಮೆಡಿಕಲ್ ಸ್ಟೋರ್‌ನ ಉದಾಹರಣೆ ಕೊಡುತ್ತೇನೆ. ಬೆಳಿಗ್ಗೆ 8ರಿಂದ 3, ಮಧ್ಯಾಹ್ನ 3ರಿಂದ ರಾತ್ರಿ 10. ಸೀನಿಯರ್ ಎಂದರೆ ಅಲ್ಲಿ ನೋಂದಾಯಿತ ಫಾರ್ಮಸಿಸ್ಟ್. ಒಂದು ಗುರುವಾರ ಸಂಜೆ ಪಾಳಿಯ ಸೀನಿಯರ್ ತಂಗಿಯ ನಿಶ್ಚಿತಾರ್ಥಕ್ಕೆಂದು ಬೆಳಗಿನ ಟ್ರೇನಿಯ ಜೊತೆ ಪಾಳಿ ಬದಲಿಸಿಕೊಂಡ. ಇಬ್ಬರೂ ಒಪ್ಪಿದ್ದರು, ಎರಡೂ ಕಡೆ ಮೂರು ಮೂರು ಜನ ಇದ್ದರು, ನಾನೂ ಹೂಂ ಅಂದೆ. ಸಂಜೆ ಉಳಿದವರು ಇಬ್ಬರು ಟ್ರೇನಿಗಳು, ಜೊತೆಗೆ ಬೀಗದ ಕೈ ಇದ್ದ ಕ್ಯಾಶಿಯರ್. 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ, ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರ ಖುದ್ದು ಮೇಲ್ವಿಚಾರಣೆಯಲ್ಲೇ ಕೊಡಬೇಕು. ಚೀಟಿ ಹಿಡಿದು ಬಂದವರನ್ನೆಲ್ಲ ಆ ಸಂಜೆ ವಾಪಸ್ ಕಳಿಸಿದೆವು. ಬೆಳಿಗ್ಗೆ ಮಾತ್ರ ಇಬ್ಬರು ಸೀನಿಯರ್‌ಗಳಿದ್ದರು, ಕಲಿಯುವವರು ಒಬ್ಬರೂ ಇರಲಿಲ್ಲ. ಪಾಳಿ ಬದಲಾವಣೆಯನ್ನು ಸರಿಸಮ ಜೋಡಿಯಲ್ಲೇ ಒಪ್ಪಬೇಕು: ಸೀನಿಯರ್‌ಗೆ ಸೀನಿಯರ್, ಟ್ರೇನಿಗೆ ಟ್ರೇನಿ.

ಪಟ್ಟಿ ಬರೆಯುವ ಮೊದಲೇ ಇನ್ನೊಂದು ಲೆಕ್ಕ ಮಾಡಿಕೊಳ್ಳಬೇಕು. ದಿನಕ್ಕೆ ಎರಡರಂತೆ ವಾರಕ್ಕೆ 14 ಪಾಳಿ. ವಾರಕ್ಕೊಂದು ರಜೆ ಬಿಟ್ಟರೆ ಒಬ್ಬರು 6 ಪಾಳಿ ಮಾಡುತ್ತಾರೆ. ಇಬ್ಬರು ಸೀನಿಯರ್‌ಗಳಿಂದ 12 ತುಂಬುತ್ತದೆ, ಎರಡು ಖಾಲಿ. ಜಾಲರಿಯಲ್ಲಿ ಹೆಸರುಗಳನ್ನು ಹೇಗೆ ಹೊರಳಿಸಿದರೂ ಆ ಎರಡು ತುಂಬುವುದಿಲ್ಲ, ಮೂರನೆಯವರೇ ಬೇಕು. ಟ್ರೇನಿಗಳಿಗೂ ಬೀಗದ ಕೈ ಇರುವವರಿಗೂ ಇದೇ ಲೆಕ್ಕ.

ಬೀಗದ ಕೈ ವಿಷಯದಲ್ಲಿ ನನಗೆ ತಾಳ್ಮೆ ಸ್ವಲ್ಪ ಕಡಿಮೆ. ಅದು ದರ್ಜೆಯಲ್ಲ, ಜವಾಬ್ದಾರಿ. ಕ್ಯಾಶಿಯರ್ ಹತ್ತಿರವೂ ಇರಬಹುದು, ಸೀನಿಯರ್ ಹತ್ತಿರ ಇಲ್ಲದಿರಬಹುದು. ಆದ್ದರಿಂದ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಕಾಲಂ ಬೇಕು. ಒಬ್ಬರೇ ಸೀನಿಯರೂ ಬೀಗದ ಕೈ ಇರುವವರೂ ಆಗಿದ್ದರೆ ಎರಡೂ ಕಡೆ ಟಿಕ್ ಬೀಳುತ್ತದೆ. ಅವರು ಜ್ವರ ಅಂತ ಫೋನ್ ಮಾಡಿದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಮೂರು ಪಾತ್ರಕ್ಕೆ ಮೂರು ಬೇರೆ ಹೆಸರು ಇದೆಯೇ ಎಂದು ಕಣ್ಣಾರೆ ನೋಡಲೇಬೇಕು, ಸ್ಪ್ರೆಡ್‌ಶೀಟಿನ ಸೂತ್ರ ಅದನ್ನು ಹೇಳುವುದಿಲ್ಲ.

ಸೂತ್ರ ಹೇಳುವಷ್ಟನ್ನು ಹೇಳಿಸಿಕೊಳ್ಳೋಣ. B ಕಾಲಂನಲ್ಲಿ ದರ್ಜೆ (ಸೀನಿಯರ್‌ಗೆ `S`, ಟ್ರೇನಿಗೆ `T`), C ಯಲ್ಲಿ ಬೀಗದ ಕೈ ಇದ್ದರೆ `Y`, D ಯಿಂದ ಮುಂದೆ ಒಂದೊಂದು ದಿನ, ಬೆಳಗಿಗೆ `M`, ಸಂಜೆಗೆ `E`. ಒಂಬತ್ತು ಜನರ ಪಟ್ಟಿಯ ಕೆಳಗೆ:

```
=COUNTIFS($B$2:$B$10,"S",D$2:D$10,"M")
=COUNTIFS($B$2:$B$10,"T",D$2:D$10,"M")
=COUNTIFS($C$2:$C$10,"Y",D$2:D$10,"M")
```

ಸಂಜೆಗೆ ಇವನ್ನೇ `E` ಹಾಕಿ ಬರೆದು ಬಲಕ್ಕೆ ಎಳೆಯಿರಿ. ಎಲ್ಲಿ 0 ಬಂತೋ ಅಲ್ಲಿ ಪಾಳಿ ಮುರಿದಿದೆ. ಟ್ರೇನಿ ಸಾಲಿನಲ್ಲಿ 2 ಬಂದರೂ ನೋಡಿ, ಇನ್ನೊಂದು ಪಾಳಿಯಲ್ಲಿ 0 ಇರಬಹುದು.

ಒಂಬತ್ತೂವರೆಗೆ ಬರುವವರಿಗೆ ಮಾತ್ರ `M` ಹಾಕಬೇಡಿ. ಬೀಗದ ಕೈ ಅವರ ಹತ್ತಿರ ಇದ್ದರೆ ಲೆಕ್ಕ 1 ತೋರಿಸುತ್ತದೆ, ಆದರೆ ಎಂಟು ಗಂಟೆಗೆ ಬಂದ ಸೀನಿಯರೂ ಟ್ರೇನಿಯೂ ಮುಚ್ಚಿದ ಶಟರ್ ಮುಂದೆ ನಿಂತಿರುತ್ತಾರೆ. ಅವರಿಗೆ `G` ಅಂತ ಬೇರೆ ಗುರುತು ಕೊಡಿ.