ಕಂಠದಾನಕ್ಕೆ ಹಣ ಕೊಟ್ಟರೆ ಧ್ವನಿ ಪೂರ್ತಿ ನಮ್ಮದಾಗುತ್ತದೆಯೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸ್ವತಂತ್ರವಾಗಿ ಆನಿಮೇಷನ್ ಮಾಡುತ್ತೇನೆ. ಮಲ್ಲೇಶ್ವರದ ಒಂದು ಅಂಗಡಿಗಾಗಿ 90 ಸೆಕೆಂಡಿನ ಚಿತ್ರ ಸಿದ್ಧವಾಗುತ್ತಿದ್ದು, ಕಂಠದಾನ ಕಲಾವಿದೆಯೊಬ್ಬರೊಡನೆ 6,000 ರೂಪಾಯಿಗೆ ಮಾತಾಗಿದೆ. ಒಂದು ಪುಟದ ಕರಾರಿನಲ್ಲಿ ಏನು ಬರೆಯಬೇಕು?

ಉತ್ತರ: ಸಂಭಾವನೆಯ ಭಾಗ ಸುಲಭ. ಅರ್ಧ ಮುಂಗಡ, ಉಳಿದರ್ಧ ಅಂತಿಮ ಧ್ವನಿ ಕೈಸೇರಿದ ಏಳು ದಿನಗಳೊಳಗೆ ಎಂದು ಬರೆದರೆ ಸಾಕು. ಜಗಳ ಹುಟ್ಟುವುದು ಮರುಧ್ವನಿಮುದ್ರಣದಲ್ಲಿ; ಆದ್ದರಿಂದ ಉಚ್ಚಾರಣೆ ತಪ್ಪಿದ್ದರೆ ತಿದ್ದಿಕೊಡುವುದು ಅವರ ಹೊಣೆ, ಗ್ರಾಹಕರು ಸ್ಕ್ರಿಪ್ಟ್ ಬದಲಿಸಿದರೆ ಅದಕ್ಕೆ ಬೇರೆ ದರ ಎಂದು ಸೇರಿಸಿ, ಆ ದರವನ್ನೂ ಈಗಲೇ ನಮೂದಿಸಿ.

ಹೆಚ್ಚು ಯೋಚಿಸಬೇಕಾದದ್ದು ಬಳಕೆಯ ಹಕ್ಕಿನ ಬಗ್ಗೆ. ಆರು ತಿಂಗಳ ನಂತರ ಅಂಗಡಿಯವರು ಅದೇ ಧ್ವನಿಯಿಂದ 20 ಸೆಕೆಂಡು ಕತ್ತರಿಸಿ ಎಫ್‌ಎಂ ರೇಡಿಯೊ ಜಾಹೀರಾತಿಗೆ ಬಳಸುತ್ತಾರೆ ಎಂದುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 38ಎ ಕಲಮಿನ ಪ್ರಕಾರ, ಚಿತ್ರದಲ್ಲಿ ತನ್ನ ಪ್ರದರ್ಶನವನ್ನು ಸೇರಿಸಿಕೊಳ್ಳಲು ಕಲಾವಿದೆ ಬರಹದಲ್ಲಿ ಒಪ್ಪಿದ ಮೇಲೆ, ಬೇರೆ ಕರಾರಿಲ್ಲದಿದ್ದರೆ, ನಿರ್ಮಾಪಕರು ಅದೇ ಚಿತ್ರದಲ್ಲಿ ಅದನ್ನು ಬಳಸುವುದನ್ನು ಆಕ್ಷೇಪಿಸುವಂತಿಲ್ಲ. ಆದರೂ ವಾಣಿಜ್ಯ ಬಳಕೆಗೆ ರಾಯಧನ ಪಡೆಯುವ ಹಕ್ಕು ಅವರಿಗೆ ಉಳಿದಿರುತ್ತದೆ. ಒತ್ತು ಇರುವುದು ‘ಅದೇ ಚಿತ್ರ’ ಎಂಬಲ್ಲಿ. ರೇಡಿಯೊ ಜಾಹೀರಾತು ಆ ಚಿತ್ರವಲ್ಲ, ಅದಕ್ಕೆ ಹೊಸ ಒಪ್ಪಿಗೆ ಬೇಕು.

ಕರಾರಿನಲ್ಲಿ ಮೌನ ವಹಿಸಿದರೂ ಕಾಯ್ದೆ ಸುಮ್ಮನಿರುವುದಿಲ್ಲ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು 19ನೇ ಕಲಮು ಭಾವಿಸಿಕೊಳ್ಳುತ್ತದೆ. ಯೂಟ್ಯೂಬಿಗೆ ಹಾಕಿದ ಚಿತ್ರ ದೇಶದ ಗಡಿಯೊಳಗೇ ನಿಲ್ಲುವುದಿಲ್ಲವಾದ್ದರಿಂದ ಹೀಗೆ ಬರೆಯಬಹುದು:

“ಈ ಧ್ವನಿಯನ್ನು ಮೇಲೆ ಹೆಸರಿಸಿದ 90 ಸೆಕೆಂಡಿನ ಚಿತ್ರದಲ್ಲಿ ಮಾತ್ರ, ಅಂಗಡಿಯ ಜಾಲತಾಣ ಹಾಗೂ ಸಾಮಾಜಿಕ ಜಾಲತಾಣ ಖಾತೆಗಳಲ್ಲಿ, ಎಲ್ಲ ದೇಶಗಳಲ್ಲೂ ಮೂರು ವರ್ಷ ಬಳಸಬಹುದು. ರೇಡಿಯೊ, ಟಿ.ವಿ., ಚಿತ್ರಮಂದಿರ ಅಥವಾ ಹಣ ತೆತ್ತು ಹಾಕಿಸುವ ಜಾಹೀರಾತಿಗೆ ಪ್ರತ್ಯೇಕ ಸಂಭಾವನೆ ಮತ್ತು ಲಿಖಿತ ಒಪ್ಪಿಗೆ ಬೇಕು.”

ಅಂಗಡಿಯವರೊಡನೆ ನೀವು ಮಾಡಿಕೊಳ್ಳುವ ಕರಾರಿನಲ್ಲೂ ಇದೇ ಮಿತಿ ಇರಲಿ. ಕಲಾವಿದೆಯಿಂದ ಮೂರು ವರ್ಷದ ಹಕ್ಕು ಪಡೆದು ಗ್ರಾಹಕರಿಗೆ ‘ಶಾಶ್ವತ’ ಹಕ್ಕು ಬರೆದುಕೊಟ್ಟರೆ ಸಿಕ್ಕಿಬೀಳುವವರು ನೀವೇ. ಹಾಗೆಯೇ, ವಾಟ್ಸ್ಯಾಪಿನಲ್ಲಿ ‘ಓಕೆ’ ಬಂದಿದೆ ಎಂದು ನೆಚ್ಚಿಕೊಳ್ಳದೆ ಪುಟಕ್ಕೆ ಇಬ್ಬರೂ ಸಹಿ ಹಾಕಿ.

ಹೆಸರಿನ ವಿಷಯಕ್ಕೆ ಬಂದರೆ, ಪ್ರದರ್ಶಕರಾಗಿ ಗುರುತಿಸಿಕೊಳ್ಳುವ ಹಕ್ಕನ್ನು 38ಬಿ ಕಲಮು ಕೊಟ್ಟಿದೆ. ಬಳಕೆಯ ರೀತಿಯೇ ಹೆಸರು ಬಿಡುವಂತೆ ಮಾಡಿದಲ್ಲಿ ಮಾತ್ರ ವಿನಾಯಿತಿಯುಂಟು. ಅಂಗಡಿಯ ಚಿತ್ರದ ಕೊನೆಯಲ್ಲಿ ಹೆಸರುಪಟ್ಟಿಗೆ ಜಾಗವಿಲ್ಲದಿರಬಹುದು. ಆಗ ವಿಡಿಯೊದ ಕೆಳಗಿನ ವಿವರಣೆಯಲ್ಲಿ ‘ಕಂಠದಾನ’ ಎಂದು ಬರೆದು ಹೆಸರು ಹಾಕುವುದಾಗಿ ಒಪ್ಪಿಕೊಳ್ಳಿ, ಹೆಸರಿನ ಕಾಗುಣಿತವನ್ನು ಅವರ ಕೈಯಲ್ಲೇ ಕರಾರಿನಲ್ಲಿ ಬರೆಸಿಕೊಳ್ಳಿ.