ಊದಿದ ಉಸಿರಿನ ಇಳಿಜಾರು: ಆಸ್ತಮಾ ಮತ್ತು ಧೂಮಪಾನಿಯ ಶ್ವಾಸಕೋಶ

ಜೋರಾಗಿ ಊದಿಸಿ ಶ್ವಾಸಕೋಶದ ಶಕ್ತಿಯನ್ನು ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯ ವರದಿಯಲ್ಲಿ ಅಂಕಿಗಳ ಪಕ್ಕದಲ್ಲೇ ಒಂದು ಲೂಪ್ ಇರುತ್ತದೆ. ಅಡ್ಡಗೆರೆ ಗಾಳಿಯ ಪ್ರಮಾಣವನ್ನು ಲೀಟರಿನಲ್ಲಿ ಹೇಳುತ್ತದೆ, ನಿಂತ ಗೆರೆ ಆ ಗಾಳಿ ಎಷ್ಟು ವೇಗವಾಗಿ ಹರಿಯಿತು ಎಂಬುದನ್ನು ಹೇಳುತ್ತದೆ. ಉಸಿರು ಬಿಟ್ಟದ್ದು ಮೇಲ್ಭಾಗ, ಎಳೆದುಕೊಂಡದ್ದು ಕೆಳಭಾಗ. ಈ ಚಿತ್ರದಲ್ಲಿ ಸಮಯದ ಗೆರೆಯೇ ಇಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಎಡ ತುದಿಯ ಕಡಿದಾದ ಏರು ಸೆಕೆಂಡಿನ ಒಂದು ಚೂರಿನಲ್ಲಿ ಮುಗಿದಿರುತ್ತದೆ, ಬಲ ತುದಿಯ ಪುಟ್ಟ ಬಾಲಕ್ಕೆ ಹಲವು ಸೆಕೆಂಡು ಹಿಡಿದಿರುತ್ತದೆ.

ಆರೋಗ್ಯವಂತರಲ್ಲಿ ಗೆರೆ ನೆಟ್ಟಗೆ ಶಿಖರಕ್ಕೇರಿ, ಅಲ್ಲಿಂದ ಹೆಚ್ಚುಕಡಿಮೆ ನೇರ ಇಳಿಜಾರಿನಲ್ಲಿ ಸೊನ್ನೆಗೆ ಬರುತ್ತದೆ. ಶಿಖರದ ಎತ್ತರ ಊದುವವರ ಬಲದ ಮೇಲೆ ನಿಂತಿದೆ. ಇಳಿಜಾರು ಹಾಗಲ್ಲ: ಅಲ್ಲಿ ಎಷ್ಟು ತಿಣುಕಿದರೂ ವೇಗ ಹೆಚ್ಚುವುದಿಲ್ಲ, ಏಕೆಂದರೆ ಎದೆಯ ಒತ್ತಡ ಗಾಳಿಯನ್ನು ತಳ್ಳುವಂತೆಯೇ ಗಾಳಿಯ ಕೊಳವೆಗಳನ್ನೂ ಹಿಚುಕುತ್ತದೆ. ಹಾಗಾಗಿ ಕಾಯಿಲೆಯ ಗುರುತು ಹುಡುಕಬೇಕಾದದ್ದು ಇಳಿಜಾರಿನಲ್ಲಿ.

ಆಸ್ತಮಾದಲ್ಲಿ ಕೊಳವೆಯ ಸ್ನಾಯು ಬಿಗಿದಿರುತ್ತದೆ, ಒಳಪದರ ಊದಿರುತ್ತದೆ, ಕಫ ಕಟ್ಟಿರುತ್ತದೆ. ಎಲ್ಲ ಕೊಳವೆಗಳೂ ಒಂದೇ ಸಮ ಕಿರಿದಾಗಿರುವುದಿಲ್ಲ. ಕೆಲವು ಭಾಗ ಬೇಗ ಖಾಲಿಯಾಗುತ್ತದೆ, ಕೆಲವು ನಿಧಾನವಾಗಿ. ಹೀಗಾಗಿ ಇಳಿಜಾರು ಒಳಕ್ಕೆ ಬಾಗಿ, ಚಮಚದಿಂದ ತೋಡಿದಂತೆ ನಯವಾದ ತಗ್ಗು ಮೂಡುತ್ತದೆ.

ದೀರ್ಘಕಾಲ ಸಿಗರೇಟು ಸೇದಿದವರಿಗೆ ಬರುವ, ಗಾಳಿಯ ಹರಿವು ಕಾಯಮ್ಮಾಗಿ ಅಡಚುವ ಸಿಒಪಿಡಿ ಕಾಯಿಲೆಯಲ್ಲಿ, ಅದರಲ್ಲೂ ಎಂಫಿಸೀಮಾ, ಅಂದರೆ ಶ್ವಾಸಕೋಶದ ಗಾಳಿಗೂಡುಗಳ ನಾಶ, ಹೆಚ್ಚಿದ್ದಾಗ, ಹಾಳಾಗಿರುವುದು ಬೇರೆಯೇ. ಗಾಳಿಗೂಡುಗಳ ಗೋಡೆಗಳು ಸಣ್ಣ ಕೊಳವೆಗಳನ್ನು ಸುತ್ತಲಿಂದ ಎಳೆದು ತೆರೆದಿಡುತ್ತವೆ, ಡೇರೆಯನ್ನು ಹಗ್ಗಗಳು ಬಿಗಿದಿಟ್ಟಂತೆ. ಆ ಗೋಡೆಗಳೇ ನಾಶವಾದರೆ ಜೋರಾಗಿ ಊದಿದ ಕ್ಷಣದಲ್ಲೇ ಕೊಳವೆಗಳು ಕುಸಿಯುತ್ತವೆ. ದೊಡ್ಡ ಕೊಳವೆಗಳಲ್ಲಿದ್ದ ಗಾಳಿ ಮೊದಲು ಚಿಮ್ಮಿ ಚೂಪಾದ ಶಿಖರ ಕಟ್ಟುತ್ತದೆ, ಮರುಗಳಿಗೆಯೇ ಗೆರೆ ಧಡಕ್ಕನೆ ಬೀಳುತ್ತದೆ, ಬಳಿಕ ಮೊಣಕೈ ಮಡಿಸಿದಂತೆ ತಿರುಗಿ ನೆಲಕ್ಕೆ ಹತ್ತಿರವಾಗಿ ಉದ್ದಕ್ಕೆ ಸಾಗುತ್ತದೆ. ಕೆಳಭಾಗ ಮಾತ್ರ ಹೆಚ್ಚು ಕೆಟ್ಟಿರುವುದಿಲ್ಲ, ಏಕೆಂದರೆ ಉಸಿರೆಳೆಯುವಾಗ ಹಿಗ್ಗುವ ಎದೆ ಅದೇ ಕೊಳವೆಗಳನ್ನು ಮತ್ತೆ ತೆರೆಯುತ್ತದೆ.

ವಿವರಣೆಗೆಂದು ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವರಿಗೆ 35 ವರ್ಷ, ಆಸ್ತಮಾ. ಪೂರ್ತಿ ಊದಿದ ಗಾಳಿ, ಅಂದರೆ ಎಫ್‌ವಿಸಿ, 3.4 ಲೀಟರ್, ಮೊದಲ ಸೆಕೆಂಡಿನಲ್ಲಿ ಬಂದದ್ದು, ಅಂದರೆ ಎಫ್‌ಇವಿ1, 1.9 ಲೀಟರ್. ಅನುಪಾತ 0.56. ಎರಡನೆಯವರಿಗೆ 64, ನಲವತ್ತು ವರ್ಷದ ಸಿಗರೇಟು, ಎಫ್‌ವಿಸಿ 3.1, ಎಫ್‌ಇವಿ1 1.5, ಅನುಪಾತ 0.48. ಎರಡೂ 0.7ಕ್ಕಿಂತ ಕಡಿಮೆ, ಅಂದರೆ ಇಬ್ಬರಲ್ಲೂ ಅಡಚಣೆಯಿದೆ. ಅಂಕಿ ಇಷ್ಟಕ್ಕೇ ನಿಲ್ಲುತ್ತದೆ.

ಈಗ ಇಬ್ಬರಿಗೂ ಕೊಳವೆಯ ಸ್ನಾಯು ಸಡಿಲಿಸುವ ಔಷಧ ಸಾಲ್ಬ್ಯುಟಮಾಲ್ 400 ಮೈಕ್ರೋಗ್ರಾಂ ಕೊಟ್ಟು, 15 ನಿಮಿಷ ಕಾದು, ಮತ್ತೆ ಊದಿಸುತ್ತಾರೆ. ಮೊದಲನೆಯವರ ಎಫ್‌ಇವಿ1 2.6ಕ್ಕೆ ಏರಿತು, ತಗ್ಗು ಬಹುಪಾಲು ತುಂಬಿಕೊಂಡಿತು. ಅವರ ವಯಸ್ಸು, ಎತ್ತರಕ್ಕೆ ನಿರೀಕ್ಷಿತ ಮೌಲ್ಯ 3.2 ಎಂದಿಟ್ಟುಕೊಂಡರೆ ಹೆಚ್ಚಳ ಅದರ ಸುಮಾರು 22 ಶೇಕಡಾ. 2021ರ ಅಂತರರಾಷ್ಟ್ರೀಯ ಮಾನದಂಡದಂತೆ 10 ಶೇಕಡಾ ದಾಟಿದರೆ ಗಣನೀಯ. ಎರಡನೆಯವರದು 1.6 ಅಷ್ಟೇ, ಮೊಣಕೈ ಇದ್ದಲ್ಲೇ ಇದೆ. ಆದರೆ ಎಫ್‌ವಿಸಿ 3.4 ಆಗಿದೆ: ಒಳಗೆ ಸಿಕ್ಕಿಬಿದ್ದಿದ್ದ 300 ಮಿಲಿಲೀಟರ್ ಗಾಳಿ ಹೊರಬಂದಿದೆ. ಔಷಧದಿಂದ ಏನೂ ಆಗಲಿಲ್ಲ ಎಂದು ಬರೆದುಬಿಟ್ಟರೆ ಅದು ಅವಸರದ ತೀರ್ಪು.

ಆಕಾರ ಮೋಸ ಮಾಡುವುದೂ ಉಂಟು. ಮೊದಲ ಸೆಕೆಂಡಿನಲ್ಲಿ ಕೆಮ್ಮಿದರೆ ಇಳಿಜಾರಿನಲ್ಲಿ ಗರಗಸದ ಹಲ್ಲು ಕಾಣುತ್ತದೆ. ಅನುಮಾನಿಸುತ್ತ ಊದಿದರೆ ಶಿಖರ ತಡವಾಗಿ, ದುಂಡಗೆ ಬರುತ್ತದೆ. ಮಧ್ಯದಲ್ಲೇ ನಿಲ್ಲಿಸಿದರೆ ಗೆರೆ ಥಟ್ಟನೆ ಸೊನ್ನೆಗೆ ಬೀಳುತ್ತದೆ; ಆಗ ಎಫ್‌ವಿಸಿ ಕಡಿಮೆಯಾಗಿ, ಅನುಪಾತ ಸುಳ್ಳುಸುಳ್ಳೇ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಕನಿಷ್ಠ ಮೂರು ಸರಿಯಾದ ಊದು ಬೇಕು, ಅತ್ಯುತ್ತಮ ಎರಡರ ನಡುವಿನ ವ್ಯತ್ಯಾಸ 150 ಮಿಲಿಲೀಟರ್ ಮೀರಬಾರದು. ಪರೀಕ್ಷೆಗೆ ಮೊದಲೇ ಇನ್‌ಹೇಲರ್ ಎಳೆದುಕೊಂಡು ಬಂದವರಲ್ಲಿ ಆಸ್ತಮಾದ ತಗ್ಗು ಮಾಯವಾಗಿರಬಹುದು.

ಹಳೆಯ ಆಸ್ತಮಾದಲ್ಲಿ ಕೊಳವೆಯ ಗೋಡೆ ದಪ್ಪಗಟ್ಟಿ, ಔಷಧಕ್ಕೆ ಲೂಪ್ ಜಗ್ಗದೆ ಇರಬಹುದು. ಸಿಒಪಿಡಿಯ ಕೆಲವರಲ್ಲಿ ಗಣನೀಯ ಹೆಚ್ಚಳವೂ ಕಾಣುತ್ತದೆ. ಎಂಫಿಸೀಮಾ ಕಡಿಮೆ ಇದ್ದರೆ ಮೊಣಕೈ ಬರುವುದೇ ಇಲ್ಲ, ಆಸ್ತಮಾದಂಥದೇ ತಗ್ಗು ಇರುತ್ತದೆ. ಇಂಥಲ್ಲಿ ಚಿತ್ರವನ್ನೇ ದಿಟ್ಟಿಸುತ್ತ ಕೂರುವ ಬದಲು, ಅತ್ಯಲ್ಪ ಕಾರ್ಬನ್ ಮಾನಾಕ್ಸೈಡ್ ಉಸಿರಾಡಿಸಿ ಅದು ರಕ್ತಕ್ಕೆ ಎಷ್ಟು ದಾಟುತ್ತದೆ ಎಂದು ಅಳೆಯುತ್ತಾರೆ. ಆಸ್ತಮಾದಲ್ಲಿ ಗೂಡಿನ ಗೋಡೆಗಳು ಉಳಿದಿರುವುದರಿಂದ ಆ ಅಳತೆ ಸಾಮಾನ್ಯವಾಗಿ ಸರಿಯಾಗಿರುತ್ತದೆ; ಎಂಫಿಸೀಮಾದಲ್ಲಿ ತಗ್ಗಿರುತ್ತದೆ.