ಜಾಕೆಟ್ ಸೋರಿದರೆ ಯಾರ ಹೆಸರು ಕೆಡುತ್ತದೆ?

ಬಿಡಿಭಾಗ ತಯಾರಿಸುವವರು ನನ್ನ ಬಳಿ ಬಂದರೆ ಮೊದಲು ಮಾತಾಡುವುದು ಲೋಗೋ ಮತ್ತು ಜಾಹೀರಾತಿನ ಬಗ್ಗೆ. ಅಂಗಡಿಗೆ ಬಂದ ಗ್ರಾಹಕ ತಮ್ಮ ಹೆಸರು ಹೇಳಿ ಕೇಳಬೇಕು ಎಂಬುದು ಅವರ ಆಸೆ. ನಾನು ಕೇಳುವ ಪ್ರಶ್ನೆ ಒಂದೇ: ನಿಮ್ಮ ಭಾಗವನ್ನು ಜೋಡಿಸುವವರ ಕೆಲಸದ ಮೇಲೆ ನಿಮಗೆ ಹಿಡಿತ ಇದೆಯೇ?

ಮಳೆ ಜಾಕೆಟ್ಟುಗಳ ಲೇಬಲ್ಲಿನಲ್ಲಿ ಕಾಣುವ ಗೋರ್-ಟೆಕ್ಸ್ ಎಂಬ ಹೆಸರಿನ ಉದಾಹರಣೆ ನೋಡಿ. ಗೋರ್ ಕಂಪನಿ ಮಳೆ ಜಾಕೆಟ್ ಹೊಲಿಯುವುದಿಲ್ಲ. ಅದು ಮಾಡುವುದು ತೀರಾ ತೆಳುವಾದ ಒಂದು ಪೊರೆಯನ್ನು. ಅದರ ರಂಧ್ರಗಳಲ್ಲಿ ನೀರಿನ ಹನಿ ನುಸುಳದು, ಬೆವರಿನ ಆವಿ ಹೊರಗೆ ಹೋಗುತ್ತದೆ. 1970ರ ದಶಕದಲ್ಲಿ ಇದನ್ನು ಬಳಸಿದ ಬಟ್ಟೆಗಳು ಮಾರುಕಟ್ಟೆಗೆ ಬಂದವು. ಪೊರೆ ಎಷ್ಟೇ ಚೆನ್ನಾಗಿದ್ದರೂ ಜಾಕೆಟ್ ಆಗಬೇಕಾದರೆ ಅದಕ್ಕೆ ಸೂಜಿ ಚುಚ್ಚಲೇಬೇಕು. ಸೆಂಟಿಮೀಟರಿಗೆ ನಾಲ್ಕು ಹೊಲಿಗೆ ಎಂದಿಟ್ಟುಕೊಂಡರೂ ಒಂದು ಮೀಟರ್ ಹೊಲಿಗೆಯಲ್ಲಿ 400 ತೂತು. ಒಳಬದಿಯಿಂದ ಬಿಸಿಗಾಳಿ ಮತ್ತು ಒತ್ತಡದಲ್ಲಿ ಟೇಪ್ ಅಂಟಿಸಿ ಅವನ್ನೆಲ್ಲ ಮುಚ್ಚಬೇಕು. ಬಿಸಿ ಸಾಲದಿದ್ದರೆ ಕೆಲವು ಸಲ ಒಗೆದ ಮೇಲೆ ಟೇಪಿನ ಅಂಚು ಏಳುತ್ತದೆ, ಭುಜದ ಹೊಲಿಗೆಯಿಂದ ನೀರು ಇಳಿಯುತ್ತದೆ. ಆಗ ಗ್ರಾಹಕ ದೂರುವುದು ಹೊಲಿದವರನ್ನಲ್ಲ, ಲೇಬಲ್ಲಿನಲ್ಲಿ ಓದಿದ ಹೆಸರನ್ನು.

ಹಾಗಾಗಿ ಗೋರ್ ಈ ಪೊರೆ ಅಂಟಿಸಿದ ಬಟ್ಟೆಯನ್ನು ಕೇಳಿದವರಿಗೆಲ್ಲ ಕೊಡುವುದಿಲ್ಲ. ಲೈಸೆನ್ಸ್ ಪಡೆದವರು ಮಾತ್ರ ಆ ಹೆಸರು ಹಾಕಬಹುದು. ಹೊಲಿಯುವ ಕಾರ್ಖಾನೆಗೆ ಅದರ ಒಪ್ಪಿಗೆ ಬೇಕು. ಹೊಸ ವಿನ್ಯಾಸದ ಮಾದರಿಯನ್ನು ಕೃತಕ ಮಳೆಯ ಕೋಣೆಯಲ್ಲಿ ಪರೀಕ್ಷಿಸುತ್ತಾರೆ. ಜಾಕೆಟ್ ಮಾರುವ ಬ್ರ್ಯಾಂಡಿನವರಿಗೆ ಇದು ಕಿರಿಕಿರಿ, ಖರ್ಚೂ ಹೌದು. ಆದರೆ 'ನೀವು ಒದ್ದೆಯಾಗುವುದಿಲ್ಲ' ಎಂಬ ಗ್ಯಾರಂಟಿಯನ್ನು, ತಾನು ಹೊಲಿಯದ ಜಾಕೆಟ್ಟಿನ ಮೇಲೆ, ಗೋರ್ ಧೈರ್ಯವಾಗಿ ಕೊಡಲು ಸಾಧ್ಯವಾದದ್ದು ಈ ಕಟ್ಟುನಿಟ್ಟಿನಿಂದಲೇ. ಗ್ರಾಹಕರು ಹೆಸರು ಹೇಳಿ ಕೇಳಲು ಆ ಗ್ಯಾರಂಟಿ ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಇಷ್ಟೆಲ್ಲ ಮಾಡಿದರೂ ಕೈಗೆ ಸಿಗದ ಜಾಗ ಒಂದಿದೆ. ಜಾಕೆಟ್ಟಿನ ಹೊರಬಟ್ಟೆಗೆ ನೀರು ಜಾರಿಸುವ ಲೇಪ ಇರುತ್ತದೆ. ಬಳಕೆಯಲ್ಲಿ, ಕೊಳೆಯಲ್ಲಿ ಅದು ಸವೆಯುತ್ತದೆ. ಆಗ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಆವಿ ಹೊರಗೆ ಹೋಗುವುದು ಕಡಿಮೆಯಾಗುತ್ತದೆ, ಬೆವರು ಒಳಗೇ ತಣ್ಣಗಾಗಿ ಹನಿಗಟ್ಟುತ್ತದೆ. ಪೊರೆಯಲ್ಲಿ ಒಂದು ಹನಿಯೂ ನುಸುಳಿರುವುದಿಲ್ಲ. ಆದರೂ ಹಾಕಿಕೊಂಡವರು 'ಸೋರುತ್ತಿದೆ' ಎಂದೇ ಹೇಳುತ್ತಾರೆ. ಎರಡನ್ನೂ ಬೇರ್ಪಡಿಸಿ ತಿಳಿಯುವುದು ಕಷ್ಟವಲ್ಲ. ಒದ್ದೆ ಒಂದು ಹೊಲಿಗೆಯ ಉದ್ದಕ್ಕೆ ಗೆರೆಯಂತೆ ಕಂಡರೆ ಟೇಪನ್ನು ನೋಡಿ. ಬೆನ್ನು, ಕಂಕುಳ ಸುತ್ತ ಹರಡಿಕೊಂಡಿದ್ದು, ಹೊರಗೆ ಹನಿಗಳು ಉರುಳುವ ಬದಲು ಬಟ್ಟೆ ಕಪ್ಪಾಗಿ ನೆನೆದಿದ್ದರೆ ಲೇಪವನ್ನು ಅನುಮಾನಿಸಿ. ಒಗೆದು, ಲೇಬಲ್ಲಿನಲ್ಲಿ ಹೇಳಿದಷ್ಟು ಹದವಾದ ಬಿಸಿಯಲ್ಲಿ ಒಣಗಿಸಿದರೆ ಲೇಪ ಎಷ್ಟೋ ಸಲ ಮತ್ತೆ ಕೆಲಸ ಮಾಡುತ್ತದೆ.

ಆದ್ದರಿಂದ ಹೆಸರು ಕಟ್ಟಲು ಹೊರಟವರಿಗೆ ನಾನು ಹೇಳುವುದು: ಜಾಹೀರಾತಿನ ಬಜೆಟ್ಟಿಗೂ ಮೊದಲು ಜೋಡಣೆಯ ಪರೀಕ್ಷೆಗೆ, ದೂರು ಬಿಡಿಸಿ ನೋಡುವವರಿಗೆ, ಆರೈಕೆಯ ಸೂಚನೆಗೆ ದುಡ್ಡು ಎತ್ತಿಡಿ. ತಪ್ಪು ಮಾಡಿದ ಜೋಡಣೆದಾರರಿಂದ ಲೈಸೆನ್ಸ್ ವಾಪಸ್ ಪಡೆಯುವ ಹಕ್ಕು ಒಪ್ಪಂದದಲ್ಲಿ ಇಲ್ಲದಿದ್ದರೆ ನಿಮ್ಮ ಹೆಸರನ್ನು ಅವರ ಮಾಲಿನ ಮೇಲೆ ಹಾಕಲು ಬಿಡಬೇಡಿ.